ಸಾಂಬ್ರಾದಲ್ಲಿ ವಿಮಾನ ಹತ್ತಿಸಲಿಲ್ಲ: ಪರಿಹಾರಕ್ಕೆ ನಾನು ಬರೆದ ಪತ್ರ

ಇರುವ ಸೀಟಿಗಿಂತ ಜಾಸ್ತಿ ಟಿಕೆಟ್ ಮಾರುವುದಕ್ಕೆ ಓವರ್‌ಬುಕಿಂಗ್ ಅನ್ನುತ್ತಾರೆ. ಹೇಗೂ ಕೆಲವರು ಬರುವುದಿಲ್ಲ ಅನ್ನುವುದು ವಿಮಾನ ಕಂಪನಿಗಳ ಲೆಕ್ಕ. ಎಲ್ಲರೂ ಬಂದುಬಿಟ್ಟರೆ ಯಾರೋ ಒಬ್ಬರು ಕೆಳಗೆ ಉಳಿಯಬೇಕು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೈದರಾಬಾದಿಗೆ ಹೊರಟಿದ್ದ ನಾನು ಹಾಗೆ ಉಳಿದೆ. ಕೊನೆಗೆ ನನಗೆ ಪರಿಹಾರದ ಹಣ ಬಂತು. ಅದಕ್ಕೆ ಬರೆದ ಪತ್ರ ಹೇಗಿತ್ತು, ಕಂಪನಿಯವರು ಎಲ್ಲೆಲ್ಲಿ ತಕರಾರು ತೆಗೆದರು ಅನ್ನುವುದನ್ನು ಬರೆಯುತ್ತಿದ್ದೇನೆ.

ನಾನಿರುವುದು ಬಾಗಲಕೋಟೆಯಲ್ಲಿ. ವಿಮಾನ ಸಂಜೆ 5.40ಕ್ಕೆ. ವೆಬ್ ಚೆಕ್-ಇನ್ ಹಿಂದಿನ ದಿನವೇ ಮಾಡಿದ್ದೆ. ಆದರೆ ಬೋರ್ಡಿಂಗ್ ಪಾಸ್‌ನಲ್ಲಿ ಸೀಟ್ ನಂಬರ್ ಬಂದಿರಲಿಲ್ಲ, ನಿಲ್ದಾಣದಲ್ಲಿ ಕೊಡುತ್ತೇವೆ ಅಂತಿತ್ತು. ಕೌಂಟರಿಗೆ ಹೋದಾಗ ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ. ಅಲ್ಲಿದ್ದ ಹುಡುಗ ಸ್ವಲ್ಪ ಹೊತ್ತು ಕಾಯಿಸಿ, "ಸರ್, ಫ್ಲೈಟ್ ಫುಲ್ ಆಗೇತ್ರಿ. ನಾಳೆ ಫ್ಲೈಟಿಗೆ ಹಾಕಿ ಕೊಡ್ತೀನ್ರಿ" ಅಂದ. ಪಾಪ, ಅವನ ಕೈಯಲ್ಲಿ ಏನೂ ಇರಲಿಲ್ಲ. ಅವನ ಮೇಲೆ ಕೂಗಾಡಿದರೆ ಸೀಟು ಹುಟ್ಟುವುದಿಲ್ಲ. ಆದರೆ ಆ ಅರ್ಧ ಗಂಟೆಯಲ್ಲಿ ನಾವು ಕೂಡಿಸಿಕೊಳ್ಳುವ ದಾಖಲೆ ಇದೆಯಲ್ಲ, ಆಮೇಲೆ ಪತ್ರ ನಿಲ್ಲುವುದು ಅದರ ಮೇಲೆಯೇ.

ಪರಿಹಾರದ ನಿಯಮ ಅನ್ವಯಿಸುವುದು ಟಿಕೆಟ್ ಕನ್ಫರ್ಮ್ ಆಗಿದ್ದು, ಸಮಯಕ್ಕೆ ಸರಿಯಾಗಿ ಬಂದವರಿಗೆ ಮಾತ್ರ. ಹಾಗಾಗಿ ಕಂಪನಿಯ ದಾಖಲೆಯಲ್ಲಿ ನೀವು 'ತಡವಾಗಿ ಬಂದವರು' ಅಥವಾ 'ಬಾರದವರು' ಅಂತಾಗಿಬಿಟ್ಟರೆ ಮುಂದಿನ ಮಾತೇ ಇಲ್ಲ. ನಾನು ಕೌಂಟರಿನ ಮೇಲಿದ್ದ ಬೋರ್ಡು, ಅದರಲ್ಲಿ ಕಾಣುವ ಫ್ಲೈಟ್ ನಂಬರ್ ಮತ್ತು ಸಮಯ ಎಲ್ಲ ಬರುವ ಹಾಗೆ ಫೋಟೊ ತೆಗೆದುಕೊಂಡೆ. ಹತ್ತಿಸಲಿಲ್ಲ ಅಂತ ಬರೆದು ಕೊಡಿ ಅಂದೆ. ಕೊಡಲಿಲ್ಲ. ಆಗ ಅಲ್ಲೇ ನಿಂತು ಕಂಪನಿಯ ಗ್ರಾಹಕ ಸೇವೆಗೆ ಒಂದು ಈಮೇಲ್ ಕಳಿಸಿದೆ. ಇಷ್ಟು ಗಂಟೆಗೆ ಕೌಂಟರಿನಲ್ಲಿ ಇದ್ದೇನೆ, ನನ್ನ ಟಿಕೆಟ್ ಕನ್ಫರ್ಮ್ ಆಗಿದೆ, ಸೀಟಿಲ್ಲ ಅಂತ ಹತ್ತಿಸುತ್ತಿಲ್ಲ, ಬರೆದು ಕೊಡಲು ಕೇಳಿದರೆ ಒಪ್ಪುತ್ತಿಲ್ಲ. ಇಷ್ಟೇ. ವಿಮಾನ ಹೊರಡುವ ಮೊದಲೇ ಆ ಈಮೇಲ್ ಅವರಿಗೆ ತಲುಪಿತ್ತು. ಅವರು ಕಾಗದ ಕೊಡದಿದ್ದರೂ ನನ್ನ ಹತ್ತಿರ ಒಂದು ದಾಖಲೆ ಆಯಿತು.

ಸ್ವಲ್ಪ ಹೊತ್ತಿಗೆ ಮೊಬೈಲಿಗೆ ಎಸ್ಎಂಎಸ್ ಬಂತು. 'ನಿಮ್ಮ ಕೋರಿಕೆಯಂತೆ ಪ್ರಯಾಣ ನಾಳೆಗೆ ಬದಲಾಗಿದೆ' ಅನ್ನುವ ಅರ್ಥದ ಸಾಲು. ಇದು ಸಣ್ಣ ವಿಷಯ ಅಲ್ಲ. ಕೋರಿಕೆ ನನ್ನದು ಅಂತಾದರೆ ಅದು ಹತ್ತಿಸದೆ ಬಿಟ್ಟಿದ್ದು ಆಗುವುದೇ ಇಲ್ಲ, ನಾನೇ ದಿನ ಬದಲಿಸಿಕೊಂಡ ಹಾಗೆ. ಅದೇ ಈಮೇಲಿಗೆ ಇನ್ನೊಂದು ಸಾಲು ಸೇರಿಸಿ ಕಳಿಸಿದೆ: ನಾನು ಕೇಳಿಲ್ಲ, ಇವತ್ತೇ ಹೋಗಲು ತಯಾರಿದ್ದೇನೆ. ಆಮೇಲೆ ಒಂದು ಫಾರ್ಮಿಗೆ ಸಹಿ ಹಾಕಿ ಅಂದರು, 3,000 ರೂಪಾಯಿ ವೋಚರ್ ಕೊಡುತ್ತಾರಂತೆ. ಫಾರ್ಮ್ ಓದಿದರೆ, ನಾನು ಸ್ವಂತ ಇಚ್ಛೆಯಿಂದ ಸೀಟು ಬಿಟ್ಟುಕೊಟ್ಟೆ ಅಂತ ಇತ್ತು. ಸಹಿ ಹಾಕಲಿಲ್ಲ.

ಈಗ ನಿಯಮದ ಮಾತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2010ರಲ್ಲಿ ಇದಕ್ಕಾಗಿಯೇ ನಿಯಮ ಮಾಡಿದೆ. ಆಮೇಲೆ ತಿದ್ದುಪಡಿಗಳೂ ಆಗಿವೆ. ಸೆಕ್ಷನ್ 3, ಸೀರೀಸ್ ಎಂ, ಭಾಗ 4 ಅನ್ನುವುದು ಅದರ ಗುರುತು. ಡಿಜಿಸಿಎ ವೆಬ್‌ಸೈಟಿನಲ್ಲಿ ಓದಲು ಸಿಗುತ್ತದೆ. ಸೀಟು ಕಡಿಮೆ ಬಿದ್ದಾಗ ಕಂಪನಿ ಮೊದಲು ಸ್ವಂತ ಇಚ್ಛೆಯಿಂದ ಸೀಟು ಬಿಡುವವರು ಯಾರಾದರೂ ಇದ್ದಾರಾ ಅಂತ ಕೇಳಬೇಕು. ಯಾರೂ ಒಪ್ಪದೆ ಒಬ್ಬರನ್ನು ಬಲವಂತವಾಗಿ ಇಳಿಸಿದರೆ, ಮೂಲ ಸಮಯದ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡಬೇಕು. ಅದು ಆಗದಿದ್ದರೆ ಪರಿಹಾರ ಶುರುವಾಗುತ್ತದೆ.

ಬದಲಿ ವಿಮಾನ 24 ಗಂಟೆಯೊಳಗೆ ಹೊರಡುವಂತಿದ್ದರೆ, ಒಂದು ಕಡೆಯ ಬೇಸಿಕ್ ಫೇರ್ ಮತ್ತು ಕಂಪನಿಯ ಫ್ಯುಯೆಲ್ ಚಾರ್ಜ್ ಸೇರಿಸಿ ಅದರ ಎರಡು ಪಟ್ಟು, ಗರಿಷ್ಠ 10,000 ರೂಪಾಯಿ. 24 ಗಂಟೆ ದಾಟಿದರೆ ನಾಲ್ಕು ಪಟ್ಟು, ಗರಿಷ್ಠ 20,000. ಬದಲಿ ವಿಮಾನವೇ ಬೇಡ ಅಂದರೆ ಟಿಕೆಟಿನ ಪೂರ್ತಿ ಹಣ ವಾಪಸ್ ಬರಬೇಕು, ಅದರ ಮೇಲೆ ಇದೇ ನಾಲ್ಕು ಪಟ್ಟು ಕೂಡ. ಊಟ-ತಿಂಡಿ, ಅಗತ್ಯ ಬಿದ್ದರೆ ಹೋಟೆಲ್ ಮತ್ತು ಅಲ್ಲಿಗೆ ಹೋಗಿಬರುವ ವಾಹನದ ಮಾತು ಅದೇ ನಿಯಮದಲ್ಲಿ ಸವಲತ್ತುಗಳ ಭಾಗದಲ್ಲಿದೆ.

ಲೆಕ್ಕ ಹಾಕುವಾಗ ಟಿಕೆಟಿಗೆ ಕೊಟ್ಟ ಒಟ್ಟು ಹಣವನ್ನು ಹಿಡಿಯಬಾರದು. ನಾನು ಕೊಟ್ಟಿದ್ದು 4,900ರ ಹತ್ತಿರ. ಅದರಲ್ಲಿ ಜಿಎಸ್‌ಟಿ, ನಿಲ್ದಾಣದ ಶುಲ್ಕ, ಬುಕಿಂಗ್ ಆ್ಯಪಿನ ಶುಲ್ಕ ಎಲ್ಲ ಸೇರಿತ್ತು. ಬಿಡಿಸಿ ನೋಡಿದರೆ ಬೇಸಿಕ್ ಫೇರ್ 3,150, ಫ್ಯುಯೆಲ್ ಚಾರ್ಜ್ 450. ಒಟ್ಟು 3,600. ಆ್ಯಪಿನ ರಸೀದಿಯಲ್ಲಿ ಈ ವಿವರ ಇರಲಿಲ್ಲ. ಕಂಪನಿಯ ವೆಬ್‌ಸೈಟಿನಿಂದ ಇನ್‌ವಾಯ್ಸ್ ಇಳಿಸಿಕೊಂಡ ಮೇಲೆ ಸಿಕ್ಕಿತು. ತಪ್ಪು ಮೊತ್ತ ಬರೆದರೆ ಅದೊಂದನ್ನೇ ಹಿಡಿದು ಇಡೀ ಪತ್ರವನ್ನು ಪಕ್ಕಕ್ಕಿಡುತ್ತಾರೆ.

ಎರಡು ಪಟ್ಟೋ, ನಾಲ್ಕು ಪಟ್ಟೋ? ನನಗೆ ಕೊಟ್ಟ ಬದಲಿ ವಿಮಾನ ಮರುದಿನ ಸಂಜೆ 6.05ಕ್ಕೆ. ಆ ದಿನದ ವೇಳಾಪಟ್ಟಿ ಬೇರೆ ಇತ್ತು. 5.40ರಿಂದ ಮರುದಿನ 6.05 ಅಂದರೆ 24 ಗಂಟೆ 25 ನಿಮಿಷ. ನಿಯಮದಲ್ಲಿ ಎಣಿಕೆ ಶುರುವಾಗುವುದು ಬುಕ್ ಮಾಡಿದ ವಿಮಾನ ಹೊರಡಬೇಕಿದ್ದ ಸಮಯದಿಂದ. ಹಾಗಾಗಿ 3,600ರ ನಾಲ್ಕು ಪಟ್ಟು, 14,400 ರೂಪಾಯಿ. 20,000ದ ಮಿತಿಯೊಳಗೇ ಇದೆ.

ಆ ರಾತ್ರಿ ಬೆಳಗಾವಿಯಲ್ಲೇ ಉಳಿದೆ. ಕಂಪನಿಯವರು ರೂಮ್ ಕೊಡುವುದಿಲ್ಲ ಅಂದಿದ್ದರು. ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಸಾಧಾರಣ ರೂಮ್ ಹಿಡಿದು, ನನ್ನ ಹೆಸರಿನಲ್ಲಿ ಬಿಲ್ ಹಾಕಿಸಿಕೊಂಡೆ. 1,680 ರೂಪಾಯಿ. ರಾತ್ರಿ ಊಟ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಸೇರಿ 610. ಸಾಂಬ್ರಾದಿಂದ ಊರೊಳಗೆ ಬಂದು ಮರಳಿ ಹೋಗಲು 900. ಆಟೋದವರು ರಸೀದಿ ಕೊಡುವುದಿಲ್ಲ, ಅದಕ್ಕೇ ಫೋನ್‌ನಿಂದ ಹಣ ಹಾಕಿ ಆ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. ದೊಡ್ಡ ಹೋಟೆಲಿನಲ್ಲಿ ಉಳಿದು ದೊಡ್ಡ ಬಿಲ್ ಕಳಿಸಬಹುದಿತ್ತು. ಆದರೆ ಅಗತ್ಯಕ್ಕೆ ತಕ್ಕಷ್ಟೇ ಖರ್ಚು ಮಾಡಿದವರ ಪತ್ರವನ್ನು ಅಲ್ಲಗಳೆಯುವುದು ಕಷ್ಟ ಅಂತ ನನ್ನ ಅಭಿಪ್ರಾಯ.

ಪತ್ರವನ್ನು ಕಂಪನಿಯಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಕಳಿಸಿದೆ. ಅವರ ವಿಳಾಸ ಕಂಪನಿಯ ವೆಬ್‌ಸೈಟಿನಲ್ಲೇ ಇತ್ತು, ಅದರ ಕೆಳಗೆ ಮೇಲ್ಮನವಿ ಅಧಿಕಾರಿಯದೂ ಇತ್ತು. ಕಳಿಸಿದ್ದು ಇಂಗ್ಲಿಷಿನಲ್ಲಿ. ಮುಖ್ಯ ಭಾಗದ ಕನ್ನಡ ಹೀಗಿದೆ:

"ವಿಷಯ: ಓವರ್‌ಬುಕಿಂಗ್‌ನಿಂದ ವಿಮಾನ ಹತ್ತಿಸದ ಬಗ್ಗೆ, 17,590 ರೂಪಾಯಿ ಪಾವತಿಗೆ ಬೇಡಿಕೆ.

ನನ್ನ ಟಿಕೆಟ್ ಕನ್ಫರ್ಮ್ ಆಗಿತ್ತು. ಚೆಕ್-ಇನ್ ಮುಗಿಯುವ ಮೊದಲೇ ಕೌಂಟರಿನಲ್ಲಿದ್ದೆ. ಫೋಟೊ ಮತ್ತು ಆಗಲೇ ಕಳಿಸಿದ ಈಮೇಲ್ ಲಗತ್ತಿಸಿದ್ದೇನೆ. ಸೀಟು ಬಿಡುವವರು ಯಾರಾದರೂ ಇದ್ದಾರಾ ಎಂದು ನನ್ನೆದುರು ಕೇಳಲಿಲ್ಲ. ಸೀಟು ಬಿಡಲು ನಾನು ಒಪ್ಪಿಲ್ಲ, ಪ್ರಯಾಣ ಬದಲಿಸಲು ಕೋರಿಲ್ಲ. ಬದಲಿ ವಿಮಾನ ಮೂಲ ಸಮಯದಿಂದ 24 ಗಂಟೆ ದಾಟಿದ ಮೇಲೆ ನಿಗದಿಯಾಗಿತ್ತು.

ಡಿಜಿಸಿಎ ನಿಯಮದಂತೆ ಪರಿಹಾರ 14,400. ಹೋಟೆಲ್ 1,680, ಊಟ 610, ವಾಹನ 900. ಬಿಲ್ಲುಗಳು ಜೊತೆಗಿವೆ. ಹಣವನ್ನು ನನ್ನ ಬ್ಯಾಂಕ್ ಖಾತೆಗೆ ಹಾಕಬೇಕು. ವೋಚರಿಗೆ ನನ್ನ ಒಪ್ಪಿಗೆ ಇಲ್ಲ. ಕೊಡುವುದಿಲ್ಲ ಎಂದಾದರೆ ನಿಯಮದ ಯಾವ ಸಾಲಿನ ಆಧಾರದ ಮೇಲೆ ಎಂದು ಬರೆದು ತಿಳಿಸಬೇಕು."

ಪತ್ರ ಒಂದೇ ಪುಟ. ಎಷ್ಟು ಬೇಸರವಾಯಿತು, ಹೈದರಾಬಾದಿನಲ್ಲಿ ಯಾವ ಕೆಲಸ ಕೆಟ್ಟಿತು ಅನ್ನುವುದನ್ನು ಬರೆಯಲಿಲ್ಲ. ಬೇಸರ ಆಗಿತ್ತು, ಬಹಳವೇ ಆಗಿತ್ತು. ಆದರೆ ಓದುವವರಿಗೆ ಉತ್ತರಿಸಲು ಸುಲಭದ ಸಾಲು ಸಿಕ್ಕರೆ ಅದಕ್ಕಷ್ಟೇ ಉತ್ತರಿಸಿ, 'ನಿಮಗಾದ ತೊಂದರೆಗೆ ವಿಷಾದವಿದೆ' ಅಂತ ಮುಗಿಸುತ್ತಾರೆ. ಕೊನೆಯ ವಾಕ್ಯ ಮಾತ್ರ ಬಹಳ ಕೆಲಸ ಮಾಡಿತು. ಸುಮ್ನೆ ಆಗುವುದಿಲ್ಲ ಅನ್ನಲು ಬರುವುದಿಲ್ಲ, ಕಾರಣ ಬರೆಯಬೇಕಲ್ವಾ?

ಮೊದಲ ಉತ್ತರದಲ್ಲಿ ಮತ್ತೆ ಅದೇ ವೋಚರ್. ನಿಯಮದ ಪ್ರಕಾರ ಪರಿಹಾರ ನಗದಾಗಿ ಅಥವಾ ಬ್ಯಾಂಕ್ ಮೂಲಕ ಕೊಡಬೇಕು, ವೋಚರ್ ಕೊಡಬೇಕಾದರೆ ಪ್ರಯಾಣಿಕರ ಸಹಿ ಬೇಕು. ಅಷ್ಟನ್ನೇ ಬರೆದೆ. ಎರಡನೇ ಉತ್ತರದಲ್ಲಿ 7,200 ಕೊಡುತ್ತೇವೆ ಅಂದರು. ಬದಲಿ ವಿಮಾನ 'ಮರುದಿನವೇ' ಇತ್ತು, ಆದ್ದರಿಂದ ಎರಡು ಪಟ್ಟು ಅಂತೆ. ಹೋಟೆಲ್ ಇಲ್ಲ, ಯಾಕಂದರೆ ನಾನು ಹೊರಟಿದ್ದು 'ನನ್ನ ಊರಿನಿಂದ'. ಮನೆಗೆ ಹೋಗಬಹುದಿತ್ತು ಅನ್ನುವುದು ಅವರ ವಾದ.

ನಮ್ಮ ಕಡೆಯವರಿಗೆ ಈ ವಾದ ಮತ್ತೆ ಮತ್ತೆ ಎದುರಾಗುತ್ತದೆ. ಬಾಗಲಕೋಟೆಯವರು, ಜಮಖಂಡಿಯವರು, ಮುಧೋಳದವರು ಬೆಳಗಾವಿಗೆ ಬಂದು ವಿಮಾನ ಹತ್ತುತ್ತೇವೆ. ಟಿಕೆಟ್ ನೋಡಿದವರಿಗೆ ನಾವೆಲ್ಲ ಬೆಳಗಾವಿಯವರೇ. ನಿಯಮದಲ್ಲಿ 'ಅಗತ್ಯವಿದ್ದಾಗ' ಹೋಟೆಲ್ ಅಂತಿದೆ. ಆ ಅಗತ್ಯವನ್ನು ನಾವೇ ತೋರಿಸಿಕೊಡಬೇಕು. ಆಧಾರ್ ಕಾರ್ಡಿನ ವಿಳಾಸ ಕಳಿಸಿದೆ. ಬಾಗಲಕೋಟೆ ಅಲ್ಲಿಂದ ಸುಮಾರು 140 ಕಿಲೋಮೀಟರ್, ರಾತ್ರಿ ಹೋಗಿ ಮರುದಿನ ಮತ್ತೆ ಬರಬೇಕು, ಆ ಓಡಾಟದ ಕಾರಿನ ಬಾಡಿಗೆ ಲಾಡ್ಜಿನ ಬಿಲ್ಲಿಗಿಂತ ಜಾಸ್ತಿ ಆಗುತ್ತದೆ ಅಂತ ಬರೆದೆ. 24 ಗಂಟೆಯ ವಿಷಯಕ್ಕೆ ವಾದ ಬೆಳೆಸಲಿಲ್ಲ. ಹಳೆಯ ಟಿಕೆಟ್, ಹೊಸ ಟಿಕೆಟ್ ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟು, ಎರಡು ಸಮಯಕ್ಕೂ ಕೆಂಪು ಗೆರೆ ಹಾಕಿ ಕಳಿಸಿದೆ.

ಜೊತೆಗೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲಿನಲ್ಲಿ ದೂರು ಹಾಕಿದೆ. ಅದೇ ಪತ್ರ, ಅವೇ ಲಗತ್ತುಗಳು. ಅಲ್ಲಿ ದೂರಿಗೆ ಒಂದು ನಂಬರ್ ಬರುತ್ತದೆ. ಆ ನಂಬರನ್ನು ಮೇಲ್ಮನವಿ ಅಧಿಕಾರಿಗೆ ಬರೆದ ಪತ್ರದಲ್ಲಿ ಹಾಕಿದೆ. ಅದಾದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಈ ನಿಯಮವನ್ನು ಡಿಜಿಸಿಎ ಹಗುರವಾಗಿ ತೆಗೆದುಕೊಂಡಿಲ್ಲ. 2022ರ ಜೂನ್‌ನಲ್ಲಿ ಹೀಗೆ ಹತ್ತಿಸದೆ ಬಿಟ್ಟವರಿಗೆ ಪರಿಹಾರ ಕೊಡದ ಒಂದು ಕಂಪನಿಗೆ 10 ಲಕ್ಷ ರೂಪಾಯಿ ದಂಡ ಹಾಕಿತ್ತು. ಅದನ್ನೂ ಒಂದು ಸಾಲಿನಲ್ಲಿ ನೆನಪಿಸಿದ್ದೆ.

ಕೊನೆಗೆ 17,590 ಪೂರ್ತಿಯಾಗಿ ಖಾತೆಗೆ ಬಂತು. ಬರದೇ ಹೋದದ್ದು ಹೈದರಾಬಾದಿನಲ್ಲಿ ಮೊದಲೇ ಹಣ ಕಟ್ಟಿದ್ದ ರೂಮಿನದು. ಅದನ್ನು ಬೇರೆ ಪತ್ರದಲ್ಲಿ ಕೇಳಿದ್ದೆ, ಕೊಡಲಿಲ್ಲ. ಇಂಥ ನಷ್ಟ ಡಿಜಿಸಿಎ ನಿಯಮದ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ಘಟನೆ ಆದ ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮೊದಲು ಸಲಹೆ ಬೇಕಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ರೂಮಿನ ಹಣ ಸಣ್ಣದಿತ್ತು, ನಾನು ಅಲ್ಲಿಗೆ ಬಿಟ್ಟೆ. ಮದುವೆಯೋ, ಪರೀಕ್ಷೆಯೋ, ವಿದೇಶಕ್ಕೆ ಹೋಗುವ ಮುಂದಿನ ವಿಮಾನವೋ ತಪ್ಪಿದ್ದರೆ ಬಿಡುತ್ತಿರಲಿಲ್ಲ.