ಸಂಕ್ರಾಂತಿ ಶುಭಾಶಯಕ್ಕೆ ಮೂರು ವಾರ ಬಿಟ್ಟು ಉತ್ತರ ಬರೆಯುವುದು

ಹಬ್ಬದ ದಿನ ವಾಟ್ಸಾಪ್‌ಗೆ ಬಂದು ಉತ್ತರ ಬಾಕಿ ಉಳಿದದ್ದನ್ನೆಲ್ಲ ತೀರಿಸಲು ನಾನು ಹೋಗುವುದಿಲ್ಲ. 'ಫಾರ್ವರ್ಡೆಡ್' ಎಂದು ಮೇಲೆ ಬರೆದಿರುವ ಕಬ್ಬು–ಗಾಳಿಪಟದ ಚಿತ್ರಗಳನ್ನು ಬಿಟ್ಟುಬಿಡುತ್ತೇನೆ. ಯಾರ್ಯಾರಿಗೆ ಕಳಿಸಿದೆವು ಎಂಬುದು ಕಳಿಸಿದವರಿಗೇ ನೆನಪಿರುವುದಿಲ್ಲ. ಕೈಯಾರೆ ಟೈಪ್ ಮಾಡಿ ಏನಾದರೂ ಕೇಳಿದ್ದರೆ ಮಾತ್ರ ಅದಕ್ಕೆ ಉತ್ತರ ಸಲ್ಲಲೇಬೇಕು.

ಮೊದಲು ನೋಡುವುದು ಪಂಚಾಂಗ. ಅನೇಕ ಮನೆಗಳಲ್ಲಿ ಎಳ್ಳು ಬೀರುವುದು ರಥಸಪ್ತಮಿಯವರೆಗೂ ನಡೆಯುತ್ತದೆ, ಅಲ್ಲಿಯವರೆಗೆ ಶುಭಾಶಯ ಹಳಸುವುದಿಲ್ಲ. ಆದರೆ ಸಂಕ್ರಾಂತಿ ಸೂರ್ಯನ ಲೆಕ್ಕ, ರಥಸಪ್ತಮಿ ಚಂದ್ರನ ತಿಥಿಯ ಲೆಕ್ಕ. ಹಾಗಾಗಿ ಸಿಗುವ ಅವಧಿ ವರ್ಷವರ್ಷಕ್ಕೂ ಬೇರೆ. 2024ರಲ್ಲಿ ರಥಸಪ್ತಮಿ ಫೆಬ್ರವರಿ 16ಕ್ಕೆ ಬಂದು ಒಂದು ತಿಂಗಳು ಸಿಕ್ಕಿತ್ತು. 2025ರಲ್ಲಿ ಫೆಬ್ರವರಿ 4, ಅಂದರೆ ಮೂರೇ ವಾರ. 2026ರಲ್ಲಿ ಜನವರಿ 25ಕ್ಕೇ ಮುಗಿಯಿತು.

ಎರಡನೆಯದು, ಈ ನಡುವೆ ಆ ಮನೆಯಲ್ಲಿ ಸಾವೇನಾದರೂ ಆಗಿದೆಯೇ ಎಂದು ಸಂಬಂಧಿಕರ ಗ್ರೂಪಿನಲ್ಲೋ ಪರಿಚಿತರ ಬಳಿಯೋ ತಿಳಿದುಕೊಳ್ಳುವುದು. ಆಗಿದ್ದರೆ ಶುಭಾಶಯ ಬೇಡ, ಫೋನ್ ಮಾಡಬೇಕು. ತಡವಾದ ಉತ್ತರ ನಿಜಕ್ಕೂ ನೋಯಿಸುವುದು ಇಲ್ಲೇ.

ಆಮೇಲೆ ಬರೆಯುವುದು. ಮಾವ ಹೀಗೆ ಕಳಿಸಿದ್ದಾರೆ ಎನ್ನಿ: "ಸಂಕ್ರಾಂತಿ ಶುಭಾಶಯ ಕಣಪ್ಪ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು. ಪುಟ್ಟಿ ಪರೀಕ್ಷೆ ಯಾವಾಗ?" ಆ ಸಂದೇಶವನ್ನು ಬಲಕ್ಕೆ ಎಳೆದು, ಅದರ ಕೆಳಗೇ ಉತ್ತರ ಬರೆಯುತ್ತೇನೆ. ಇಲ್ಲದಿದ್ದರೆ ಯಾವುದಕ್ಕೆ ಹೇಳುತ್ತಿದ್ದೇನೆ ಎಂದು ಅವರು ಹಿಂದೆ ಹುಡುಕಬೇಕಾಗುತ್ತದೆ.

"ಮಾವ, ತಡವಾಯ್ತು. ರಥಸಪ್ತಮಿ ಇನ್ನೂ ಬಂದಿಲ್ಲ, ಅದಕ್ಕೇ ನಿಮಗೂ ಅತ್ತೆಗೂ ಸಂಕ್ರಾಂತಿ ಶುಭಾಶಯ. ಪುಟ್ಟಿಗೆ ಮಾರ್ಚ್‌ನಲ್ಲಿ ಪರೀಕ್ಷೆ, ಗಣಿತ ಒಂದೇ ಕಷ್ಟ ಅಂತಾಳೆ. ನಿಮ್ಮ ಮಂಡಿನೋವು ಈಗ ಹೇಗಿದೆ?"

ತಡವಾದದ್ದಕ್ಕೆ ಎರಡು ಪದ ಸಾಕು. ಆಫೀಸಿನ ಕೆಲಸ, ನೆಟ್‌ವರ್ಕ್ ಎಂದು ಕಾರಣ ಬೆಳೆಸಿದರೆ ಮಾವನೇ "ಪರವಾಗಿಲ್ಲ ಬಿಡಪ್ಪ" ಎಂದು ಸಮಾಧಾನ ಹೇಳಬೇಕಾಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಈಗಷ್ಟೇ ನೋಡಿದೆ" ಎಂಬ ಸುಳ್ಳಂತೂ ಬೇಡವೇ ಬೇಡ. ನೀಲಿ ಗೆರೆ ಬಂದಿದ್ದರೆ, ಅವರು ತಮ್ಮ ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ತೆರೆದರೆ ಓದಿದ ದಿನ, ಗಂಟೆ ಎಲ್ಲ ಕಾಣುತ್ತದೆ. ಉತ್ತರದ ತೂಕವೆಲ್ಲ ಪರೀಕ್ಷೆಯ ಮಾತಿನಲ್ಲಿರಲಿ, ಅವರು ಕೇಳಿದ್ದು ಅದನ್ನೇ. ಕೊನೆಯ ಪ್ರಶ್ನೆ ಒಂದು ಸಾಲಿನಲ್ಲಿ ಉತ್ತರಿಸುವಷ್ಟು ಸಣ್ಣದಿರಬೇಕು. "ಮತ್ತೆ ಏನ್ ಸಮಾಚಾರ?" ಎಂದರೆ ಅವರೂ ಆಮೇಲೆ ಬರೆಯೋಣ ಎಂದು ಬಿಟ್ಟುಬಿಡುತ್ತಾರೆ.

ರಥಸಪ್ತಮಿ ದಾಟಿದ್ದರೆ ಶುಭಾಶಯದ ಸಾಲನ್ನು ತೆಗೆದುಹಾಕುತ್ತೇನೆ, ಉಳಿದದ್ದು ಹಾಗೇ ಇರುತ್ತದೆ. ಶುಭಾಶಯ ಗ್ರೂಪಿಗೆ ಬಂದಿದ್ದರೂ ತಡವಾದ ಉತ್ತರ ಆ ವ್ಯಕ್ತಿಗೆ ಪ್ರತ್ಯೇಕವಾಗಿಯೇ ಹೋಗಬೇಕು. ಗ್ರೂಪಿನಲ್ಲಿ ಹಾಕಿದರೆ ಸುಮ್ಮನಿದ್ದ ನಲವತ್ತು ಜನ ಮತ್ತೊಮ್ಮೆ ಕೈಮುಗಿಯಲು ಶುರುಮಾಡುತ್ತಾರೆ.