ರಟ್ಟಿನ ಪೆಟ್ಟಿಗೆಯ ದರ ಮಾತುಕತೆ: ನಡಾವಳಿ ಬರೆಯುವಾಗ ನಾನು ಪಾಲಿಸುವ ಕ್ರಮ

ವೆಂಡರ್ ಜೊತೆಗಿನ ಮಾತುಕತೆ ನಮ್ಮಲ್ಲಿ ನಡೆಯುವುದು ಕನ್ನಡದಲ್ಲಿ. ‘ಮಾಡಿಕೊಡ್ತೀವಿ ಸಾರ್’, ‘ನೋಡೋಣ ಸಾರ್’, ‘ಓನರ್‌ನ ಕೇಳಿ ಹೇಳ್ತೀನಿ’ ಎಂಬ ಮೂರು ಮಾತುಗಳು ಅರ್ಧ ಗಂಟೆಯೊಳಗೆ ಹತ್ತಾರು ಸಲ ಬರುತ್ತವೆ. ನಡಾವಳಿಯಲ್ಲಿ ಈ ಮೂರೂ ‘ಒಪ್ಪಲಾಯಿತು’ ಎಂದಾಗಿಬಿಟ್ಟರೆ ಮುಂದೆ ಜಗಳ ಖಚಿತ. ಮೊದಲನೆಯದನ್ನು ಮಾತ್ರ ನಾನು ಒಪ್ಪಿಗೆ ಎಂದು ಬರೆಯುತ್ತೇನೆ. ಎರಡನೆಯದು ಬಾಕಿ ಅಂಶಗಳಿಗೆ ಹೋಗುತ್ತದೆ. ಮೂರನೆಯದರ ಮುಂದೆ ಯಾರು, ಯಾವ ತಾರೀಕಿನೊಳಗೆ ಉತ್ತರ ಕೊಡಬೇಕು ಎಂದು ಬರೆಯುತ್ತೇನೆ. ಮಾತನಾಡಿದವರಿಗೆ ದರ ಒಪ್ಪುವ ಅಧಿಕಾರ ಇದೆಯೇ ಎಂಬುದನ್ನು ಸಭೆಯ ಆರಂಭದಲ್ಲೇ ಕೇಳಿ, ಹಾಜರಿ ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲೇ ದಾಖಲಿಸುತ್ತೇನೆ.

ಪೀಣ್ಯದ ಒಂದು ಕಾರ್ಖಾನೆಗೆ ಐದು ಪದರದ ರಟ್ಟಿನ ಪೆಟ್ಟಿಗೆ ಖರೀದಿಸುವ ಮಾತುಕತೆಯನ್ನೇ ತೆಗೆದುಕೊಳ್ಳಿ. ವೆಂಡರ್ ಕೇಳಿದ್ದು ಪೆಟ್ಟಿಗೆಗೆ ₹38, ನಾವು ಹೇಳಿದ್ದು ₹34, ಕುದುರಿದ್ದು ₹35.50. ‘ದರ ₹35.50’ ಎಂದಷ್ಟೇ ಬರೆದರೆ ಅದು ಅರ್ಧ ದರ. ಜಿಎಸ್‌ಟಿ ಪ್ರತ್ಯೇಕವೇ, ಸಾಗಣೆ ಖರ್ಚು ನಮ್ಮ ಗೇಟಿನವರೆಗೆ ಸೇರಿದೆಯೇ, ಇಳಿಸುವ ಕೂಲಿ ಯಾರದು, ತಿಂಗಳಿಗೆ ಕನಿಷ್ಠ ಎಷ್ಟು ಪೆಟ್ಟಿಗೆಗೆ ಈ ದರ, ಎಲ್ಲಿಯವರೆಗೆ ಎಂಬುದೆಲ್ಲ ಅದೇ ಸಾಲಿನಲ್ಲಿರಬೇಕು. ಇಲ್ಲಿ ಅದು ತಿಂಗಳಿಗೆ 6,000 ಪೆಟ್ಟಿಗೆ, 6 ತಿಂಗಳು. ಪೆಟ್ಟಿಗೆಯ ಮೇಲಿನ ಮುದ್ರಣಕ್ಕೆ ಬೇಕಾದ ಅಚ್ಚಿಗೆ, ಅಂದರೆ ಸ್ಟೀರಿಯೋಗೆ, ಒಮ್ಮೆ ಮಾತ್ರ ಕೊಡುವ ₹18,000 ಬೇರೆ ಸಾಲು. ಹಣ ನಾವು ಕೊಟ್ಟಮೇಲೆ ಸ್ಟೀರಿಯೋ ಯಾರ ಸ್ವತ್ತು ಎಂಬ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಸಿಗಲಿಲ್ಲ, ಹಾಗಾಗಿ ಅದು ಬಾಕಿ ಅಂಶವಾಯಿತು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಕ್ರಾಫ್ಟ್ ಕಾಗದದ ಬೆಲೆ ಏರಿಕೆಯ ಷರತ್ತಿನಲ್ಲಿ. ‘ಕಾಗದ ಕೆಜಿಗೆ ₹2ಕ್ಕಿಂತ ಹೆಚ್ಚು ಏರಿದರೆ ದರ ಪರಿಷ್ಕರಣೆ’ ಎಂದು ಇಬ್ಬರೂ ತಲೆಯಾಡಿಸಿದರು. ಪೆಟ್ಟಿಗೆಯ ತೂಕ 700 ಗ್ರಾಂ ಇದ್ದುದರಿಂದ, ಕತ್ತರಿಸುವಾಗ ಹೋಗುವ ವೇಸ್ಟೇಜ್ ಬಿಟ್ಟು ನೋಡಿದರೂ ಕಾಗದ ₹1 ಏರಿದರೆ ಪೆಟ್ಟಿಗೆಗೆ 70 ಪೈಸೆ. ಈಗ ಕಾಗದ ₹3 ಏರಿತು ಎನ್ನಿ. ಪೂರ್ತಿ ₹3ಕ್ಕೆ ಲೆಕ್ಕ ಹಾಕಿದರೆ ಪೆಟ್ಟಿಗೆಗೆ ₹2.10, ₹2 ದಾಟಿದ ಭಾಗಕ್ಕೆ ಮಾತ್ರ ಹಾಕಿದರೆ 70 ಪೈಸೆ. ವ್ಯತ್ಯಾಸ ₹1.40, ತಿಂಗಳಿಗೆ ₹8,400. ಆದ್ದರಿಂದ ಷರತ್ತಿನ ಕೆಳಗೇ ಇಂಥ ಒಂದು ಲೆಕ್ಕವನ್ನು ಬಿಡಿಸಿ ಬರೆದು, ಸಭೆ ಮುಗಿಯುವ ಮೊದಲು ಇಬ್ಬರ ಮುಂದೆಯೂ ಓದುತ್ತೇನೆ. ಯಾವ ದಿನದ, ಯಾವ ಗ್ರೇಡಿನ ಕಾಗದದ, ಯಾರ ಬಿಲ್ಲಿನ ಬೆಲೆ ಆಧಾರ ಎಂಬುದನ್ನೂ ಸೇರಿಸುತ್ತೇನೆ. ಬೆಲೆ ಇಳಿದಾಗ ನಮಗೂ ಅದೇ ಲೆಕ್ಕ ಅನ್ವಯಿಸುತ್ತದೆಯೇ ಎಂದು ಆಗಲೇ ಕೇಳಬೇಕು, ಆಮೇಲೆ ಯಾರೂ ಒಪ್ಪುವುದಿಲ್ಲ.

ಲೀಗಲ್‌ಗೆ ಕಳಿಸುವಾಗ ‘ಪಾವತಿ ಷರತ್ತು: ಲೀಗಲ್ ಪರಿಶೀಲನೆ’ ಎಂದು ಬರೆದರೆ ವಕೀಲರಿಗೆ ಏನೂ ತಿಳಿಯದು. ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬರೆಯಬೇಕು. ನಾನು ಬರೆದದ್ದು ಹೀಗೆ: ‘ನಾವು ಕೇಳಿದ್ದು 60 ದಿನ, ವೆಂಡರ್ 30 ದಿನ ಎನ್ನುತ್ತಾರೆ. ವೆಂಡರ್ ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರು, ಪ್ರಮಾಣಪತ್ರದ ಪ್ರತಿ ಲಗತ್ತಿಸಿದೆ. 60 ದಿನ ಬರೆಯಬಹುದೇ?’ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗೆ ಸಂಬಂಧಿಸಿದ 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನಂತೆ ಇಂಥವರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ 16ನೇ ಕಲಮಿನಂತೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಪ್ರಮಾಣಪತ್ರ ಲಗತ್ತಿಸಿದ್ದರೆ ವಕೀಲರ ಉತ್ತರ ಬೇಗ ಬರುತ್ತದೆ. ತಡ ಪೂರೈಕೆಯ ದಂಡವೂ ಹೀಗೆಯೇ: ವಾರಕ್ಕೆ 0.5%, ಗರಿಷ್ಠ 5% ಎಂದು ಒಪ್ಪಿಗೆಯಾಗಿತ್ತು, ಆದರೆ ಅದು ತಡವಾದ ಸರಕಿನ ಮೌಲ್ಯಕ್ಕೋ ಇಡೀ ಆರ್ಡರಿಗೋ ಎಂಬುದು ಬಾಕಿ ಉಳಿದಿತ್ತು.

ನಡಾವಳಿಯನ್ನು ಎರಡು ಹಾಳೆಯಾಗಿ ಮಾಡುತ್ತೇನೆ. ವೆಂಡರ್‌ಗೆ ಹೋಗುವುದರಲ್ಲಿ ಒಪ್ಪಿಗೆಗಳು, ದರ, ಮತ್ತು ‘ಪರಿಶೀಲನೆಯಲ್ಲಿದೆ’ ಎಂಬ ಅಂಶಗಳ ಪಟ್ಟಿ ಮಾತ್ರ. ನಾವು ಎಷ್ಟರವರೆಗೆ ಏರಬಹುದು, ಲೀಗಲ್‌ಗೆ ನಮ್ಮ ಅನುಮಾನವೇನು ಎಂಬುದು ಎರಡನೆಯ ಹಾಳೆಯಲ್ಲಿ, ಬೇರೆಯೇ ಫೈಲಿನಲ್ಲಿ. ಒಂದೇ ಫೈಲಿನಲ್ಲಿಟ್ಟು ಆಮೇಲೆ ಅಳಿಸಿ ಕಳಿಸುವ ಪದ್ಧತಿ ಬೇಡ, ಮೇಲ್ ಫಾರ್ವರ್ಡ್ ಆಗುವಾಗ ಹಳೆಯ ಪ್ರತಿಯೇ ಹೋಗಿಬಿಡುತ್ತದೆ.

ಮೊದಲ ಹಾಳೆಯ ತಲೆಯಲ್ಲೇ ‘ಇದು ಚರ್ಚೆಯ ದಾಖಲೆ, ಸಹಿಯಾದ ಖರೀದಿ ಆದೇಶ ಬರುವವರೆಗೆ ಎರಡೂ ಕಡೆಗೆ ಬದ್ಧತೆ ಇಲ್ಲ’ ಎಂದಿರಬೇಕು. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಔಪಚಾರಿಕ ಕರಾರಿಗೆ ಸಹಿ ಬೀಳದಿದ್ದರೂ ಇ-ಮೇಲ್‌ಗಳಲ್ಲೇ ಒಪ್ಪಂದ ಆಗಿದೆ ಎಂದಿತು. ಹಾಳೆಯನ್ನು ಅದೇ ದಿನ ಸಂಜೆಯೊಳಗೆ ಕಳಿಸಿ, 3 ಕೆಲಸದ ದಿನಗಳಲ್ಲಿ ತಿದ್ದುಪಡಿ ಅಥವಾ ‘ಸರಿಯಿದೆ’ ಎಂಬ ಉತ್ತರ ಕೇಳುತ್ತೇನೆ. ಉತ್ತರ ಬರದಿದ್ದರೆ ಒಪ್ಪಿದರು ಎಂದು ಎಣಿಸುವುದಿಲ್ಲ, ಮೌನ ಕಾನೂನಿನಲ್ಲಿ ಸಾಮಾನ್ಯವಾಗಿ ಸಮ್ಮತಿಯಲ್ಲ. ಫೋನ್ ಮಾಡಿ, ಒಂದು ಸಾಲಿನ ಉತ್ತರವನ್ನಾದರೂ ಮೇಲ್‌ನಲ್ಲಿ ತರಿಸಿಕೊಂಡೇ ಫೈಲನ್ನು ಲೀಗಲ್‌ಗೆ ಕಳಿಸುತ್ತೇನೆ.