ಹಳೆಯ ರಸೀದಿಯಲ್ಲಿದ್ದ ಈ ವರ್ಷದ ವಿನಾಯಿತಿ

ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಕೊಡುವುದು ನನ್ನ ಕಸುಬು. 2025ರ ಜುಲೈನಲ್ಲಿ ಹೊಸ ಕಕ್ಷಿದಾರರೊಬ್ಬರು ಆರೋಗ್ಯ ವಿಮೆಯ ಪ್ರೀಮಿಯಂ ರಸೀದಿಯ ಫೋಟೊ ಕಳುಹಿಸಿದರು. ಹಣ ಕಟ್ಟಿದ ದಿನಾಂಕ 12-02-2024. ನಾವು ತಯಾರಿಸುತ್ತಿದ್ದದ್ದು 2024-25ನೇ ಹಣಕಾಸು ವರ್ಷದ ಲೆಕ್ಕ. ‘ಇದು ಹೋದ ವರ್ಷದ್ದು, ಈಗ ಬರುವುದಿಲ್ಲ ಅಲ್ಲವೇ ಸಾರ್?’ ಎಂದು ಅವರೇ ಕೇಳಿದರು. ರಸೀದಿಯನ್ನು ಪೂರ್ತಿ ಓದದೆ ಉತ್ತರಿಸಬಾರದೆಂದು ನಾನು ಸುಮ್ಮನಾದೆ.

ಮೊದಲು ಚಿತ್ರದ ಗುಣಮಟ್ಟ ಸರಿಪಡಿಸಿಕೊಂಡೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಅದು ಕುಗ್ಗಿ ಅಂಕಿಗಳ ಅಂಚು ಕರಗಿಹೋಗುತ್ತದೆ. ಅದನ್ನೇ ಡಾಕ್ಯುಮೆಂಟ್ ಆಗಿ ಮತ್ತೆ ಕಳುಹಿಸಲು ಹೇಳಿದೆ. ಕಾಗದ ಮಡಚಿದ್ದ ಕಡೆಯೇ ಪಾಲಿಸಿ ಸಂಖ್ಯೆ ಇದ್ದುದರಿಂದ ಅದನ್ನು ಬಿಡಿಸಿ, ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ಇನ್ನೊಂದು ಚಿತ್ರ ತೆಗೆಸಿದೆ.

ರಸೀದಿಯಲ್ಲಿ ನಾಲ್ಕು ಉದ್ದನೆಯ ಸಂಖ್ಯೆಗಳಿದ್ದವು: ರಸೀದಿ ಸಂಖ್ಯೆ, ಪ್ರಸ್ತಾವನೆ ಸಂಖ್ಯೆ, ಗ್ರಾಹಕ ಸಂಖ್ಯೆ, ಪಾಲಿಸಿ ಸಂಖ್ಯೆ. ದಪ್ಪ ಅಕ್ಷರದಲ್ಲಿದ್ದದ್ದು ರಸೀದಿ ಸಂಖ್ಯೆ, ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. 2024-25ರ ಆದಾಯವನ್ನು ಲೆಕ್ಕ ಹಾಕುವ 2025-26ರ ಮೌಲ್ಯಮಾಪನ ವರ್ಷದಿಂದ, ಐಟಿಆರ್ ಎಂಬ ರಿಟರ್ನ್ ನಮೂನೆಯಲ್ಲಿ ಆರೋಗ್ಯ ವಿಮೆಯ ವಿನಾಯಿತಿ ಕೇಳುವ 80ಡಿ ಪಟ್ಟಿಯಲ್ಲಿ ವಿಮಾ ಕಂಪನಿಯ ಹೆಸರಿನ ಜೊತೆ ಪಾಲಿಸಿ ಸಂಖ್ಯೆಯನ್ನೂ ತುಂಬಬೇಕಾಗಿರುವುದರಿಂದ ಇಲ್ಲಿ ಅಂದಾಜು ನಡೆಯುವುದಿಲ್ಲ. ಸಂಖ್ಯೆಯನ್ನು ನಾಲ್ಕು ನಾಲ್ಕು ಅಂಕಿಗಳಾಗಿ ಒಡೆದು ಬರೆದುಕೊಂಡೆ, ಆಮೇಲೆ ಕೊನೆಯಿಂದ ಮೊದಲಿಗೆ ಓದಿ ಹೋಲಿಸಿದೆ. ಮುಂದಿನಿಂದ ಓದುವಾಗ ಮನಸ್ಸು ತಾನು ನಿರೀಕ್ಷಿಸಿದ್ದನ್ನೇ ಓದಿಬಿಡುತ್ತದೆ, ಹಿಂದಿನಿಂದ ಓದಿದರೆ ಒಂದೊಂದು ಅಂಕಿಯನ್ನೂ ನೋಡಲೇಬೇಕಾಗುತ್ತದೆ. ಒಂದು ಅಂಕಿ ಮಾತ್ರ 3 ಅಥವಾ 8, ಯಾವುದೆಂದು ತಿಳಿಯಲಿಲ್ಲ. ಅವರ ಬಳಿ ಆಸ್ಪತ್ರೆಯಲ್ಲಿ ತೋರಿಸುವ ವಿಮಾ ಕಾರ್ಡ್ ಇತ್ತು, ಅದರಲ್ಲೂ ಪಾಲಿಸಿ ಸಂಖ್ಯೆ ಮುದ್ರಿತವಾಗಿತ್ತು. ಅದು 8. ಉಳಿದ ಅಂಕಿಗಳೆಲ್ಲ ತಾಳೆಯಾದವು.

ಇನ್ನು ಅವಧಿ. ಸಣ್ಣ ಅಕ್ಷರದಲ್ಲಿ 18-02-2024ರಿಂದ 17-02-2026ರವರೆಗೆ ಎಂದಿತ್ತು. ಅಂದರೆ ಎರಡು ವರ್ಷಗಳ ಪ್ರೀಮಿಯಂ ಒಟ್ಟಿಗೆ ಕಟ್ಟಿದ್ದರು, ಮೊತ್ತ 42,000 ರೂಪಾಯಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಒಟ್ಟಿಗೆ ಕಟ್ಟಿದ ಆರೋಗ್ಯ ವಿಮೆಯ ಹಣವನ್ನು ಒಂದೇ ವರ್ಷಕ್ಕೆ ಹಾಕುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಡಿಯ (4ಎ) ಉಪವಿಧಿಯಂತೆ ಹಣ ಕಟ್ಟಿದ ಹಣಕಾಸು ವರ್ಷ ಮತ್ತು ಅದರ ನಂತರ ಪಾಲಿಸಿ ಜಾರಿಯಲ್ಲಿರುವ ಪ್ರತಿ ಹಣಕಾಸು ವರ್ಷಕ್ಕೂ ಸಮನಾಗಿ ಹಂಚಬೇಕು. ಪಾಲಿಸಿ ಎರಡು ವರ್ಷದ್ದಾದರೂ ಅದು ತಾಗುವುದು 2023-24, 2024-25 ಮತ್ತು 2025-26 ಎಂಬ ಮೂರು ಹಣಕಾಸು ವರ್ಷಗಳನ್ನು. ಮೊದಲನೆಯದರಲ್ಲಿ ಫೆಬ್ರವರಿ, ಮಾರ್ಚ್ ಅಷ್ಟೇ ಇದ್ದರೂ ಅದೂ ಒಂದು ವರ್ಷವೆಂದೇ ಲೆಕ್ಕ. ಆದ್ದರಿಂದ 42,000 ಅನ್ನು ಭಾಗಿಸಬೇಕಾದದ್ದು ಎರಡರಿಂದಲ್ಲ, ಮೂರರಿಂದ: ವರ್ಷಕ್ಕೆ 14,000 ರೂಪಾಯಿ. ಅವರಿಗೆ ಅರವತ್ತು ತುಂಬಿರಲಿಲ್ಲ, ಮಿತಿ 25,000 ರೂಪಾಯಿ. 14,000 ಅದರೊಳಗೇ ಇತ್ತು.

ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಮೊದಲ ವರ್ಷದಲ್ಲಿ ಇಡೀ 25,000 ಪಡೆದಿದ್ದರೆ ಈ ವರ್ಷದ ಪಾಲನ್ನು ಅದರ ಮೇಲೆ ಕೇಳುವುದು ತಪ್ಪಾಗುತ್ತಿತ್ತು. ಹಿಂದಿನ ವರ್ಷದ ರಿಟರ್ನ್ ಅನ್ನು ಪೋರ್ಟಲ್‌ನಿಂದ ಇಳಿಸಿ ನೋಡಿದೆ. ಅಲ್ಲಿ 80ಡಿ ಅಡಿ 14,000 ಎಂದೇ ಇತ್ತು. ಆ ಕೆಲಸ ಮಾಡಿದವರು ಯಾರೇ ಆಗಿರಲಿ, ಸರಿಯಾಗಿ ಮಾಡಿದ್ದರು. ನಗದಿನಲ್ಲಿ ಕಟ್ಟಿದ ವಿಮಾ ಪ್ರೀಮಿಯಂಗೆ 80ಡಿ ಸಿಗುವುದಿಲ್ಲವಾದ್ದರಿಂದ, ಅವರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 2024ರ ಫೆಬ್ರವರಿಯ ಪಾವತಿಯನ್ನೂ ಗುರುತಿಸಿಕೊಂಡೆ. ಅವರು ಹಳೆಯ ತೆರಿಗೆ ಪದ್ಧತಿಯಲ್ಲೇ ಇದ್ದರು, ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ.

ಅವರು ಅದೇ ಸಂಭಾಷಣೆಯಲ್ಲಿ ಜೀವ ವಿಮೆಯ ರಸೀದಿಯನ್ನೂ ಕಳುಹಿಸಿದ್ದರು. ಅಲ್ಲಿ ಓದುವ ಕ್ರಮ ಬೇರೆ. ಜೀವ ವಿಮೆಯ ಕಂತಿಗೆ ವಿನಾಯಿತಿ ಕೊಡುವ ಸೆಕ್ಷನ್ 80ಸಿಗೆ ಬೇಕಾದದ್ದು ಹಣ ಕಟ್ಟಿದ ದಿನ, ಕಂತು ಬಾಕಿಯಾದ ದಿನವಲ್ಲ. ಕಂತಿನ ದಿನಾಂಕ 28-03-2025 ಆಗಿತ್ತು, ಅವರು ಕಟ್ಟಿದ್ದು ಏಪ್ರಿಲ್ 4ರಂದು. ಹೀಗಾಗಿ ಆ ಕಂತು 2024-25ಕ್ಕೆ ಸೇರಲಿಲ್ಲ, ಮುಂದಿನ ವರ್ಷದ ಕಡತಕ್ಕೆ ಹೋಯಿತು.

ಆರೋಗ್ಯ ವಿಮೆಯ ರಸೀದಿಯ ಪ್ರತಿಯನ್ನೂ ಅದೇ ಕಡತದಲ್ಲಿಟ್ಟು, ‘2025-26: ಕೊನೆಯ ಪಾಲು 14,000’ ಎಂದು ಮೇಲೆ ಬರೆದೆ.